ಅಡ್ಮಿಷನ್ ಕ್ಯಾನ್ಸಲ್ ಮಾಡಿದ ಮೇಲೆ ಕಾಲೇಜಿನಿಂದ ಫೀಸ್ ವಾಪಸ್ ಪಡೆಯುವುದು: ಅರ್ಜಿಯಿಂದ ಮೇಲ್ಮನವಿಯ ತನಕ

ಮಂಗಳೂರು, ಉಡುಪಿ ಕಡೆ ಪಿಯುಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಡಿಗ್ರಿ ಕಾಲೇಜುಗಳ ಸೀಟು ತುಂಬಿಬಿಡುತ್ತದೆ. ವೃತ್ತಿಪರ ಕೋರ್ಸುಗಳ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ, ಕೌನ್ಸೆಲಿಂಗ್ ಮಾತ್ರ ಆಗಸ್ಟ್, ಸೆಪ್ಟೆಂಬರ್ ದಾಟಿಯೂ ನಡೆಯುತ್ತಿರುತ್ತದೆ. ಹಾಗಾಗಿ "ಒಂದು ಸೀಟು ಕೈಯಲ್ಲಿರಲಿ" ಎಂದು ಬಿಎಸ್ಸಿಗೋ ಬಿಕಾಂಗೋ ವರ್ಷದ ಫೀಸ್ ಕಟ್ಟಿ, ಆಮೇಲೆ ಕೃಷಿ, ಫಾರ್ಮಸಿ ಅಥವಾ ಎಂಜಿನಿಯರಿಂಗ್ ಸೀಟು ಸಿಕ್ಕಿದಾಗ ಬಿಟ್ಟು ಹೋಗುವವರು ಪ್ರತಿ ವರ್ಷ ಇರುತ್ತಾರೆ. ಬಿಡುವಾಗ ಕಾಲೇಜು ಆಫೀಸಿನಲ್ಲಿ ಕೇಳಿಬರುವ ಮಾತು ಒಂದೇ: "ಕಟ್ಟಿದ ಫೀಸ್ ವಾಪಸ್ ಇಲ್ಲ." ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ವ್ಯಾಪ್ತಿಯ ಕಾಲೇಜಿನಲ್ಲಿ ಈ ಮಾತು ಊರ್ಜಿತವಾಗುವುದಿಲ್ಲ. ಆದರೆ ಎಷ್ಟು ವಾಪಸ್ ಬರುತ್ತದೆ ಎನ್ನುವುದು ನಿಮ್ಮ ವಾದದ ಮೇಲೆ ನಿಂತಿಲ್ಲ, ಎರಡು ದಿನಾಂಕಗಳ ಮೇಲೆ ನಿಂತಿದೆ. ಒಂದು, ಪ್ರವೇಶಾತಿಗೆ ಅಧಿಕೃತವಾಗಿ ಪ್ರಕಟಿಸಿದ ಕೊನೆಯ ದಿನ. ಇನ್ನೊಂದು, ನಿಮ್ಮ ಲಿಖಿತ ಅರ್ಜಿ ಕಾಲೇಜಿಗೆ ತಲುಪಿದ ದಿನ. ಈ ಎರಡನ್ನೂ ಕಾಗದದಲ್ಲಿ ಹಿಡಿದಿಟ್ಟುಕೊಳ್ಳದೆ ಪ್ರಿನ್ಸಿಪಾಲರ ಚೇಂಬರ್‌ಗೆ ಹೋಗುವುದರಲ್ಲಿ ಅರ್ಥವಿಲ್ಲ.

ಮೊದಲು: ನಿಮ್ಮ ಕಾಲೇಜಿಗೆ ಯಾವ ನಿಯಮ?

ಇಲ್ಲಿ ಬರೆದಿರುವುದು ಮುಖ್ಯವಾಗಿ ಯುಜಿಸಿ ವ್ಯಾಪ್ತಿಯ ಪದವಿ ಮತ್ತು ಸ್ನಾತಕೋತ್ತರ ಕೋರ್ಸುಗಳಿಗೆ. ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಬಿಎ, ಬಿಕಾಂ, ಬಿಎಸ್ಸಿ ಕಾಲೇಜುಗಳು ಇದರಲ್ಲಿ ಬರುತ್ತವೆ. ಮಣಿಪಾಲ, ಮಂಗಳೂರಿನ ಡೀಮ್ಡ್ ವಿಶ್ವವಿದ್ಯಾಲಯಗಳೂ ಬರುತ್ತವೆ. ಕಾಲೇಜು ಸ್ವಾಯತ್ತವಾಗಿದ್ದರೂ, ಅನುದಾನಿತವಾಗಿದ್ದರೂ, ಅನುದಾನರಹಿತವಾಗಿದ್ದರೂ ನಿಯಮ ಅದೇ.

ಎಂಜಿನಿಯರಿಂಗ್, ಎಂಬಿಎ, ಎಂಸಿಎ ಇವು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ, ಅಂದರೆ ಎಐಸಿಟಿಇಯ, ಕೈಕೆಳಗಿನ ಕೋರ್ಸುಗಳು. 2024-25ರಿಂದ ಬಿಸಿಎ, ಬಿಬಿಎ ಕೋರ್ಸುಗಳಿಗೂ ಎಐಸಿಟಿಇ ಅನುಮೋದನೆ ಬೇಕಾಗಿದೆ. ಅವರ ನಿಯಮದ ತಿರುಳು ಹೀಗಿದೆ: ಕೋರ್ಸ್ ಶುರುವಾಗುವ ಮೊದಲೇ ಬಿಟ್ಟರೆ ಗರಿಷ್ಠ 1,000 ರೂಪಾಯಿ ಹಿಡಿದು ಉಳಿದದ್ದನ್ನು ಕೊಡಬೇಕು. ಶುರುವಾದ ಮೇಲೆ ಬಿಟ್ಟು, ಆ ಸೀಟಿಗೆ ಕೊನೆಯ ದಿನದೊಳಗೆ ಬೇರೆಯವರು ಬಂದರೆ, ಓದಿದ ತಿಂಗಳುಗಳ ಲೆಕ್ಕದಷ್ಟು ಮಾತ್ರ ಹಿಡಿಯಬಹುದು. ಸೀಟು ಖಾಲಿಯೇ ಉಳಿದರೆ ಠೇವಣಿ ಮತ್ತು ಮೂಲ ದಾಖಲೆ ಬಿಟ್ಟು ಹೆಚ್ಚೇನೂ ಸಿಗದೆ ಹೋಗಬಹುದು. ಬಿಸಿಎ ಬಿಡುವವರು ಪತ್ರದಲ್ಲಿ ಎರಡೂ ನಿಯಮಗಳನ್ನು ಹೆಸರಿಸುವುದು ಒಳ್ಳೆಯದು. ಏಕೆಂದರೆ ಕಾಲೇಜು ವಿಶ್ವವಿದ್ಯಾಲಯಕ್ಕೂ ಸೇರಿದೆ, ಎಐಸಿಟಿಇ ಅನುಮೋದನೆಯನ್ನೂ ಪಡೆದಿದೆ.

ಪಿಯು ಕಾಲೇಜು, ಟ್ಯೂಷನ್ ಸೆಂಟರ್, ನೀಟ್ ಕೋಚಿಂಗ್, ಇವು ಯಾವುದೂ ಯುಜಿಸಿಗೆ ಬರುವುದಿಲ್ಲ. ಕೆಇಎಗೇ ನೇರವಾಗಿ ಕಟ್ಟಿದ ಹಣಕ್ಕೆ ಕೆಇಎಯ ಸೀಟು ರದ್ದತಿ ನಿಯಮವೇ ಬೇರೆ. ಅದಕ್ಕೆ ಕಾಲೇಜನ್ನು ಕೇಳಿ ಪ್ರಯೋಜನವಿಲ್ಲ.

ಯುಜಿಸಿ ಪಟ್ಟಿ ಏನು ಹೇಳುತ್ತದೆ

ಮೂಲ ದಾಖಲೆ 2018ರ ಅಕ್ಟೋಬರ್‌ನಲ್ಲಿ ಯುಜಿಸಿ ಹೊರಡಿಸಿದ ಅಧಿಸೂಚನೆ. ಶುಲ್ಕ ವಾಪಸಾತಿ ಮತ್ತು ಮೂಲ ಪ್ರಮಾಣಪತ್ರ ಇಟ್ಟುಕೊಳ್ಳದಿರುವುದು, ಎರಡೂ ವಿಷಯ ಅದರಲ್ಲಿವೆ. ಅದರ ಪಟ್ಟಿ ಹೀಗೆ:

- ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಶೇ 100
- ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿರುವಾಗ ಬಿಟ್ಟರೆ ಶೇ 90
- ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ ಶೇ 80
- 15 ದಿನ ದಾಟಿ 30 ದಿನದೊಳಗೆ ಬಿಟ್ಟರೆ ಶೇ 50
- 30 ದಿನ ದಾಟಿದರೆ ಏನೂ ಇಲ್ಲ

ಶೇ 100 ಸಿಗುವವರಿಂದ ಮಾತ್ರ ಸಂಸ್ಕರಣಾ ವೆಚ್ಚವೆಂದು ಶೇ 5ರ ತನಕ ಹಿಡಿಯಬಹುದು, ಅದೂ 5,000 ರೂಪಾಯಿ ಮೀರಬಾರದು. ಇಲ್ಲಿ ಶೇಕಡಾವಾರು ಲೆಕ್ಕ ಬರೀ ಟ್ಯೂಷನ್ ಫೀಸಿಗಲ್ಲ. ಲ್ಯಾಬ್, ಲೈಬ್ರರಿ, ಕ್ರೀಡೆ ಹೀಗೆ ಬೇರೆ ಶುಲ್ಕಗಳೂ ಸೇರಿದ ಒಟ್ಟು ಮೊತ್ತಕ್ಕೆ. ಕಾಷನ್ ಡೆಪಾಸಿಟ್, ಸೆಕ್ಯುರಿಟಿ ಡೆಪಾಸಿಟ್ ಈ ಲೆಕ್ಕದ ಹೊರಗೆ. ಅವು ಠೇವಣಿ, ಪೂರ್ತಿ ವಾಪಸ್ ಬರಬೇಕು. ಲಿಖಿತ ಅರ್ಜಿ ಬಂದ 15 ದಿನಗಳೊಳಗೆ ಹಣ ಕೊಡಬೇಕೆಂದೂ ಅಧಿಸೂಚನೆ ಹೇಳುತ್ತದೆ.

ಇದರ ಮೇಲೆ ಇನ್ನೊಂದು ಪದರ ಇದೆ, ಅದನ್ನು ತಪ್ಪಿಸಿಕೊಳ್ಳುವವರೇ ಹೆಚ್ಚು. ಪ್ರವೇಶ ಪರೀಕ್ಷೆಗಳು ತಡವಾಗುತ್ತಿರುವುದರಿಂದ ಯುಜಿಸಿ ಇತ್ತೀಚಿನ ವರ್ಷಗಳಲ್ಲಿ ಆಯಾ ಶೈಕ್ಷಣಿಕ ವರ್ಷಕ್ಕೆಂದೇ ಬೇರೆ ಸುತ್ತೋಲೆ ಹೊರಡಿಸಿದೆ. 2024-25ರದ್ದು ನೋಡಿ: 2024ರ ಸೆಪ್ಟೆಂಬರ್ 30ರೊಳಗೆ ಕ್ಯಾನ್ಸಲ್ ಮಾಡಿದವರಿಗೆ ಪೂರ್ತಿ ಹಣ, ಅಕ್ಟೋಬರ್ 31ರೊಳಗೆ ಮಾಡಿದವರಿಗೆ ಗರಿಷ್ಠ 1,000 ರೂಪಾಯಿ ಹಿಡಿದು ಉಳಿದದ್ದು. 2023-24ಕ್ಕೂ ಅದೇ ಎರಡು ದಿನಾಂಕಗಳಿದ್ದವು. ಕೆಇಎ ಸೀಟಿಗಾಗಿ ಬಿಡುವವರಿಗೆ ಇದು 2018ರ ಪಟ್ಟಿಗಿಂತ ಎಷ್ಟೋ ಉತ್ತಮ. ಹಾಗಾಗಿ ಪತ್ರ ಬರೆಯುವ ಮುನ್ನ ಯುಜಿಸಿ ವೆಬ್‌ಸೈಟಿನ ನೋಟಿಸ್ ವಿಭಾಗದಲ್ಲಿ ನಿಮ್ಮ ವರ್ಷದ ಸುತ್ತೋಲೆ ಇದೆಯೇ ನೋಡಿ, ಇದ್ದರೆ ಪ್ರಿಂಟ್ ತೆಗೆಯಿರಿ. ಇಲ್ಲದಿದ್ದರೆ 2018ರದ್ದೇ ಆಧಾರ. ಹಳೆಯ ವರ್ಷದ ಸುತ್ತೋಲೆ ಹಿಡಿದು ಹೋದರೆ ಆಫೀಸಿನವರು ಮೊದಲ ಸಾಲಿನಲ್ಲೇ ಅದನ್ನು ಪಕ್ಕಕ್ಕಿಡುತ್ತಾರೆ.

ಕಾಲೇಜಿನದ್ದೇ ನೀತಿಯನ್ನು ಹುಡುಕಿ ತೆಗೆಯುವುದು

ಪ್ರಾಸ್ಪೆಕ್ಟಸ್, ವೆಬ್‌ಸೈಟು, ಅಡ್ಮಿಷನ್ ದಿನ ನೀವು ಸಹಿ ಹಾಕಿದ ಘೋಷಣಾ ಪತ್ರ, ಶುಲ್ಕ ರಶೀದಿಯ ಹಿಂಬದಿ, ಈ ನಾಲ್ಕು ಕಡೆ ನೋಡಿ. ಆನ್‌ಲೈನ್ ಪೇಮೆಂಟ್ ತೆಗೆದುಕೊಳ್ಳುವ ಕಾಲೇಜುಗಳ ಪೇಮೆಂಟ್ ಪುಟದ ಕೆಳಗೆ ಸಾಮಾನ್ಯವಾಗಿ ರೀಫಂಡ್ ಪಾಲಿಸಿ ಎಂಬ ಕೊಂಡಿ ಇರುತ್ತದೆ. ಪೇಮೆಂಟ್ ಗೇಟ್‌ವೇ ಕಂಪನಿಗಳು ಅದನ್ನು ಕೇಳುತ್ತವೆ ಎಂಬ ಕಾರಣಕ್ಕೆ ಹಾಕಿರುತ್ತಾರೆ, ಆಮೇಲೆ ಆಫೀಸಿನವರೇ ಅದನ್ನು ಮರೆತಿರುತ್ತಾರೆ. ಕೆಲವೊಮ್ಮೆ ಅಲ್ಲಿ ಬರೆದಿರುವುದು ಕೌಂಟರಿನಲ್ಲಿ ಹೇಳುವುದಕ್ಕಿಂತ ಎಷ್ಟೋ ಉದಾರವಾಗಿರುತ್ತದೆ. ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ, ವೆಬ್ ವಿಳಾಸ ಮತ್ತು ದಿನಾಂಕ ಕಾಣುವ ಹಾಗೆ. ಅರ್ಜಿ ಕೊಟ್ಟ ಮೇಲೆ ಪುಟ ಬದಲಾಗಬಹುದು.

ಕಾಲೇಜಿನ ನೀತಿ ಯುಜಿಸಿಗಿಂತ ನಿಮಗೆ ಅನುಕೂಲವಾಗಿದ್ದರೆ ಅದರ ಕಲಮಿನ ಸಂಖ್ಯೆಯನ್ನೇ ಪತ್ರದಲ್ಲಿ ಬರೆಯಿರಿ. ಕಾಲೇಜು ತನ್ನದೇ ಬರಹವನ್ನು ಅಲ್ಲಗಳೆಯುವುದು ಕಷ್ಟ. ಅನನುಕೂಲವಾಗಿದ್ದರೆ ಅದನ್ನು ಮುಚ್ಚಿಡಬೇಡಿ. "ಪ್ರಾಸ್ಪೆಕ್ಟಸ್ ಪುಟ ಇಂಥದ್ದರಲ್ಲಿ ಹೀಗಿದೆ, ಆದರೆ ಯುಜಿಸಿ ಅಧಿಸೂಚನೆಯ ಮುಂದೆ ಅದು ಅನ್ವಯಿಸುವುದಿಲ್ಲ" ಎಂದು ನೀವೇ ಬರೆದುಬಿಟ್ಟರೆ ಅವರಿಗೆ ಹೇಳಲು ಉಳಿಯುವುದು ಕಡಿಮೆ.

ಕೊನೆಯ ದಿನ ಯಾವುದು ಎಂಬ ಜಗಳ

ಎಲ್ಲ ಲೆಕ್ಕವೂ ಇದರ ಮೇಲೆ ನಿಂತಿದೆ, ಗೊಂದಲವಾಗುವುದೂ ಇಲ್ಲೇ. ಕಾಲೇಜು ತನ್ನ ಅಡ್ಮಿಷನ್ ಮುಗಿಸಿದ ದಿನ ಬೇರೆ, ವಿಶ್ವವಿದ್ಯಾಲಯ ಪ್ರಕಟಿಸಿದ ಕೊನೆಯ ದಿನ ಬೇರೆ. ಸಂಯೋಜಿತ ಕಾಲೇಜಿಗೆ ಲೆಕ್ಕಕ್ಕೆ ಬರುವುದು ವಿಶ್ವವಿದ್ಯಾಲಯದ ಸುತ್ತೋಲೆಯ ದಿನ. "ನಮ್ಮಲ್ಲಿ ಜೂನ್‌ನಲ್ಲೇ ಸೀಟು ಭರ್ತಿ ಆಗಿತ್ತು" ಎಂದು ಜೂನ್‌ನಿಂದ 30 ದಿನ ಎಣಿಸಿ "ನಿಮ್ಮ ಅವಧಿ ಮುಗಿಯಿತು" ಎನ್ನುವುದು ಮಾಮೂಲಿ ಉತ್ತರ. ಅದು ಸರಿಯಲ್ಲ.

ವಿಶ್ವವಿದ್ಯಾಲಯದ ಸುತ್ತೋಲೆಯಲ್ಲಿ ಎಷ್ಟೋ ಸಲ ಎರಡು ದಿನಾಂಕ ಇರುತ್ತದೆ: ದಂಡಶುಲ್ಕ ಇಲ್ಲದೆ ಒಂದು, ದಂಡಶುಲ್ಕದ ಜೊತೆ ಇನ್ನೊಂದು. ಮೇಲಿಂದ ಅವಧಿ ವಿಸ್ತರಣೆಯ ಸುತ್ತೋಲೆಯೂ ಬರುವುದುಂಟು. ದಂಡ ಕಟ್ಟಿಯಾದರೂ ಪ್ರವೇಶ ಪಡೆಯಬಹುದಾದ ದಿನವೇ ನಿಜವಾದ ಕೊನೆಯ ದಿನ ಎಂಬುದು ನಿಮ್ಮ ವಾದವಾಗಬೇಕು. ಅದರ ಹಿಂದಿನ ತರ್ಕ ಸರಳ: ಆ ದಿನದ ತನಕ ಕಾಲೇಜು ನಿಮ್ಮ ಸೀಟನ್ನು ಬೇರೆಯವರಿಗೆ ಕೊಡಬಹುದಿತ್ತು. ಸುತ್ತೋಲೆ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸಿಗದಿದ್ದರೆ ಕೊಣಾಜೆಯ ಮಂಗಳಗಂಗೋತ್ರಿಗೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನ ಹಿಡಿಯಬಹುದು ಎಂಬುದನ್ನು ನೆನಪಿಟ್ಟುಕೊಂಡು, ಅದಕ್ಕಾಗಿ ವಾಪಸಾತಿ ಅರ್ಜಿಯನ್ನು ಮಾತ್ರ ತಡಮಾಡಬೇಡಿ.

ಒಂದು ಲೆಕ್ಕ ಮಾಡಿ ನೋಡೋಣ

ಉಡುಪಿಯ ಒಬ್ಬ ವಿದ್ಯಾರ್ಥಿನಿ ಮಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿಗೆ 72,000 ರೂಪಾಯಿ ಕಟ್ಟಿದ್ದಾಳೆ ಎಂದಿಟ್ಟುಕೊಳ್ಳಿ. ರಶೀದಿಯಲ್ಲಿ ಟ್ಯೂಷನ್ 52,000, ಲ್ಯಾಬ್ ಮತ್ತು ಇತರ ಶುಲ್ಕ 15,000, ಕಾಷನ್ ಡೆಪಾಸಿಟ್ 5,000. ವಿಶ್ವವಿದ್ಯಾಲಯದ ಕೊನೆಯ ದಿನ ಜುಲೈ 31. ಆಗಸ್ಟ್ 13ರ ಸಂಜೆ ಅವಳಿಗೆ ಬೇರೆ ಕಡೆ ಸೀಟು ಸಿಕ್ಕಿದ್ದು ಗೊತ್ತಾಗುತ್ತದೆ.

ಠೇವಣಿ ಕಳೆದರೆ ಲೆಕ್ಕದ ಮೊತ್ತ 67,000. ಆಗಸ್ಟ್ 14ರಂದು ಅರ್ಜಿ ತಲುಪಿದರೆ ಕೊನೆಯ ದಿನ ಕಳೆದು 14 ದಿನ, ಅಂದರೆ ಶೇ 80. 53,600 ಜೊತೆಗೆ ಠೇವಣಿ 5,000, ಒಟ್ಟು 58,600. "15ಕ್ಕೆ ಸ್ವಾತಂತ್ರ್ಯ ದಿನದ ರಜೆ, ಆಮೇಲೆ ಶನಿವಾರ, ಭಾನುವಾರ, ಸೋಮವಾರ 18ಕ್ಕೆ ಬನ್ನಿ" ಎಂದು ಕೌಂಟರಿನಲ್ಲಿ ಹೇಳಿದ್ದನ್ನು ಕೇಳಿ ಅವಳು ಆಗಸ್ಟ್ 18ಕ್ಕೆ ಕೊಟ್ಟರೆ 18 ದಿನ ಆಯಿತು, ಶೇ 50ಕ್ಕೆ ಇಳಿಯಿತು. 33,500 ಮತ್ತು 5,000, ಒಟ್ಟು 38,500. ನಾಲ್ಕು ದಿನಕ್ಕೆ 20,100 ರೂಪಾಯಿ ಹೋಯಿತು. ಸೆಪ್ಟೆಂಬರ್ 1ಕ್ಕೆ ಕೊಟ್ಟರೆ 32 ದಿನ. ಠೇವಣಿಯ 5,000 ಮಾತ್ರ.

ಅದೇ ವಿದ್ಯಾರ್ಥಿನಿ ಜುಲೈ 10ಕ್ಕೇ ಬಿಟ್ಟಿದ್ದರೆ ಶೇ 100. ಅದರಲ್ಲಿ ಶೇ 5, ಅಂದರೆ 3,350 ರೂಪಾಯಿ ತನಕ ಹಿಡಿಯಬಹುದು. ಠೇವಣಿ ಸೇರಿ 68,650 ಬರುತ್ತಿತ್ತು. ಇನ್ನು 2024-25ರ ಸುತ್ತೋಲೆಯಂಥದ್ದು ಆ ವರ್ಷಕ್ಕೆ ಜಾರಿಯಲ್ಲಿದ್ದರೆ ಈ ಮೇಲಿನ ಯಾವ ಕಡಿತವೂ ಇಲ್ಲ. ಸೆಪ್ಟೆಂಬರ್ 30ರ ತನಕ ಯಾವತ್ತು ಕೊಟ್ಟರೂ 72,000 ಪೂರ್ತಿ ಬರಬೇಕು. ಪತ್ರದಲ್ಲಿ ಮೊದಲ ಬೇಡಿಕೆಯಾಗಿ ಈ ಮೊತ್ತ ಬರೆಯಿರಿ. 2018ರ ಪಟ್ಟಿಯ ಮೊತ್ತವನ್ನು "ಯಾವ ಸಂದರ್ಭದಲ್ಲೂ ಇದಕ್ಕಿಂತ ಕಡಿಮೆ ಅಲ್ಲ" ಎಂದು ಎರಡನೆಯದಾಗಿ ಬರೆಯಿರಿ.

ಅಪ್ಲಿಕೇಷನ್ ಫಾರ್ಮಿನ ಹಣಕ್ಕಾಗಿ ಹೋರಾಡುವುದು ಬೇಡ. ಹೊಲಿಸಿದ ಯೂನಿಫಾರ್ಮ್, ತೆಗೆದುಕೊಂಡ ಪುಸ್ತಕದ ಹಣವೂ ಹಾಗೆಯೇ. ಹಾಸ್ಟೆಲ್, ಮೆಸ್ಸಿಗೆ ಬೇರೆ ರಶೀದಿ ಇದ್ದರೆ ಅದಕ್ಕೆ ಬೇರೆ ಅರ್ಜಿ ಕೊಡಿ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಹಾಸ್ಟೆಲ್ ಲೆಕ್ಕ ಆಗಲಿಲ್ಲ ಎಂಬ ನೆಪದಲ್ಲಿ ಫೀಸೂ ನಿಲ್ಲುತ್ತದೆ. ರಶೀದಿಯೇ ಇಲ್ಲದೆ ನಗದಾಗಿ ಕೊಟ್ಟ ಡೊನೇಷನ್ ಈ ದಾರಿಯಲ್ಲಿ ವಾಪಸ್ ಬರುವುದಿಲ್ಲ. ಕ್ಯಾಪಿಟೇಷನ್ ಶುಲ್ಕ ನಿಷೇಧಕ್ಕೆ ಕರ್ನಾಟಕದಲ್ಲಿ 1984ರ ಕಾಯ್ದೆಯೇ ಇದೆ, ಆದರೆ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲದೆ ಅದನ್ನು ಎತ್ತಿದರೆ ಮುಖ್ಯ ಬೇಡಿಕೆ ಹಿಂದೆ ಬೀಳುತ್ತದೆ. ಟ್ರಸ್ಟಿನ ಹೆಸರಿನಲ್ಲಿ "ಕಟ್ಟಡ ನಿಧಿ" ಎಂದು ರಶೀದಿ ಕೊಟ್ಟಿದ್ದರೆ ಮಾತ್ರ ಅದನ್ನೂ ಲಗತ್ತಿಸಿ, ಪ್ರವೇಶದ ಸಲುವಾಗಿ ಕಟ್ಟಿಸಿಕೊಂಡದ್ದು ಎಂದು ಬರೆಯಿರಿ.

ಪತ್ರ

ಪತ್ರ ವಿದ್ಯಾರ್ಥಿಯ ಹೆಸರಿನಲ್ಲಿ ಇರಲಿ. 18 ತುಂಬದಿದ್ದರೆ ತಂದೆ ಅಥವಾ ತಾಯಿಯ ಸಹಿಯೂ ಬೇಕು. ಬಿಡಲು ಕಾರಣ ಒಂದು ಸಾಲಿನಲ್ಲಿ ಸಾಕು. ಕಾಲೇಜಿನ ಪಾಠ ಸರಿಯಿಲ್ಲ, ಹಾಸ್ಟೆಲ್ ಊಟ ಸರಿಯಿಲ್ಲ ಎಂದೆಲ್ಲ ಬರೆದರೆ ಅದೇ ಚರ್ಚೆಯಾಗಿ ಹಣದ ವಿಷಯ ಮೂಲೆಗೆ ಬೀಳುತ್ತದೆ. ಹಾಗೆಯೇ "ದಯವಿಟ್ಟು ಸಾಧ್ಯವಾದಷ್ಟು ಹಣ ಕೊಡಿಸಿ" ಎಂದೂ ಬರೆಯಬೇಡಿ. ಮೊತ್ತ, ಆಧಾರ, ಗಡುವು, ಮೂರೂ ಅಂಕಿಯಲ್ಲಿ ಇರಬೇಕು. ಮೇಲಿನ ಉದಾಹರಣೆಗೆ ಪತ್ರ ಹೀಗಿರಬಹುದು:

> ಇವರಿಗೆ,
> ಪ್ರಾಂಶುಪಾಲರು, (ಕಾಲೇಜಿನ ಹೆಸರು, ವಿಳಾಸ)
>
> ದಿನಾಂಕ: 14 ಆಗಸ್ಟ್
>
> ವಿಷಯ: ಪ್ರವೇಶ ಹಿಂಪಡೆಯುವಿಕೆ, ಶುಲ್ಕ ಹಾಗೂ ಮೂಲ ದಾಖಲೆಗಳ ವಾಪಸಾತಿ
>
> ಮಾನ್ಯರೇ,
>
> ನಾನು ತಮ್ಮ ಕಾಲೇಜಿನಲ್ಲಿ ಪ್ರಥಮ ಬಿಎಸ್ಸಿಗೆ ಪ್ರವೇಶ ಪಡೆದಿದ್ದು (ಪ್ರವೇಶ ಸಂಖ್ಯೆ ……), ರಶೀದಿ ಸಂಖ್ಯೆ ……, ದಿನಾಂಕ …… ರಂತೆ ರೂ. 72,000 ಪಾವತಿಸಿರುತ್ತೇನೆ. ಬೇರೆ ಕೋರ್ಸಿಗೆ ಸೀಟು ದೊರೆತ ಕಾರಣ ಇಂದಿನಿಂದಲೇ ನನ್ನ ಪ್ರವೇಶವನ್ನು ಹಿಂಪಡೆಯುತ್ತಿದ್ದೇನೆ.
>
> ಯುಜಿಸಿಯ …… ಸಾಲಿನ ಶುಲ್ಕ ವಾಪಸಾತಿ ಸುತ್ತೋಲೆ (ದಿನಾಂಕ ……) ಪ್ರಕಾರ ನನಗೆ ಪೂರ್ಣ ಶುಲ್ಕ ರೂ. 72,000 ಮರಳಿ ಬರಬೇಕಾಗಿರುತ್ತದೆ. ಪರ್ಯಾಯವಾಗಿ, ಯುಜಿಸಿಯ ಅಕ್ಟೋಬರ್ 2018ರ ಅಧಿಸೂಚನೆಯಂತೆ ಲೆಕ್ಕ ಹಾಕಿದರೂ, ವಿಶ್ವವಿದ್ಯಾನಿಲಯ ಪ್ರಕಟಿಸಿದ ಕೊನೆಯ ದಿನಾಂಕ ಜುಲೈ 31 ಆಗಿದ್ದು, ಇಂದಿಗೆ 14 ದಿನಗಳಾಗಿರುವುದರಿಂದ, ರೂ. 67,000ದ ಶೇ 80 ಆದ ರೂ. 53,600 ಹಾಗೂ ಕಾಷನ್ ಡೆಪಾಸಿಟ್ ರೂ. 5,000, ಒಟ್ಟು ರೂ. 58,600ಕ್ಕಿಂತ ಕಡಿಮೆಯಾಗುವಂತಿಲ್ಲ.
>
> ಈ ಮೊತ್ತವನ್ನು ಅರ್ಜಿ ಸ್ವೀಕರಿಸಿದ 15 ದಿನಗಳೊಳಗೆ ಕೆಳಗಿನ ಖಾತೆಗೆ ಜಮಾ ಮಾಡಬೇಕಾಗಿಯೂ, ತಮ್ಮಲ್ಲಿರುವ ಮೂಲ ವರ್ಗಾವಣೆ ಪತ್ರ ಮತ್ತು ಅಂಕಪಟ್ಟಿಗಳನ್ನು ಕೂಡಲೇ ಹಿಂತಿರುಗಿಸಬೇಕಾಗಿಯೂ, ಯುಯುಸಿಎಂಎಸ್ ತಂತ್ರಾಂಶದಲ್ಲಿ ನನ್ನ ಪ್ರವೇಶ ರದ್ದುಪಡಿಸಬೇಕಾಗಿಯೂ ಕೋರುತ್ತೇನೆ. ಕಡಿತ ಮಾಡುವುದಾದಲ್ಲಿ ಯಾವ ನಿಯಮದಡಿ, ಎಷ್ಟು ಎಂಬುದನ್ನು ಲಿಖಿತವಾಗಿ ತಿಳಿಸಿ.
>
> ಖಾತೆದಾರರ ಹೆಸರು, ಖಾತೆ ಸಂಖ್ಯೆ, ಬ್ಯಾಂಕ್, ಐಎಫ್‌ಎಸ್‌ಸಿ: ……
>
> ಲಗತ್ತು: ರಶೀದಿ ಪ್ರತಿ, ಎರಡು ಸುತ್ತೋಲೆಗಳು, ವಿಶ್ವವಿದ್ಯಾನಿಲಯದ ಪ್ರವೇಶ ಸುತ್ತೋಲೆ, ಖಾತೆಯ ಪಾಸ್‌ಬುಕ್ ಪ್ರತಿ.
>
> ತಮ್ಮ ವಿಶ್ವಾಸಿ, (ಸಹಿ, ಮೊಬೈಲ್, ಇಮೇಲ್)

ಕಡಿತದ ಕಾರಣ ಬರೆದು ಕೊಡಿ ಎಂಬ ಸಾಲನ್ನು ಬಿಡಬೇಡಿ. ಬಾಯಲ್ಲಿ ಸುಲಭವಾಗಿ ಹೇಳುವ "ಇಲ್ಲ"ವನ್ನು ಲೆಟರ್‌ಹೆಡ್ ಮೇಲೆ ಬರೆಯಲು ಹೆಚ್ಚಿನ ಕಾಲೇಜುಗಳು ಹಿಂಜರಿಯುತ್ತವೆ.

ಐಎಫ್‌ಎಸ್‌ಸಿ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ವಿಶೇಷ ಎಚ್ಚರ ಬೇಕು. ಇಲ್ಲಿನ ಮನೆಗಳಲ್ಲಿರುವ ಹಳೆಯ ಪಾಸ್‌ಬುಕ್ಕುಗಳು ಬಹಳಷ್ಟು ಸಿಂಡಿಕೇಟ್, ಕಾರ್ಪೊರೇಷನ್ ಅಥವಾ ವಿಜಯಾ ಬ್ಯಾಂಕಿನವು. ಇವು ಕ್ರಮವಾಗಿ ಕೆನರಾ, ಯೂನಿಯನ್ ಮತ್ತು ಬ್ಯಾಂಕ್ ಆಫ್ ಬರೋಡಾ ಜೊತೆ ವಿಲೀನವಾಗಿ ಕೋಡ್ ಬದಲಾಗಿದೆ. ಹಳೆಯ ಕೋಡ್ ಬರೆದರೆ ಹಣ ಹೋಗುವುದಿಲ್ಲ, "ನಾವು ಕಳುಹಿಸಿದ್ದೆವು, ವಾಪಸ್ ಬಂತು" ಎಂದು ಇನ್ನೊಂದು ತಿಂಗಳು ಕಳೆಯುತ್ತದೆ. ಶಿಕ್ಷಣ ಸಾಲದಿಂದ ಕಟ್ಟಿದ ಫೀಸಾದರೆ ಹಣ ಸಾಲದ ಖಾತೆಗೇ ಹೋಗಬೇಕು, ಬ್ಯಾಂಕಿಗೂ ಮೊದಲೇ ತಿಳಿಸಿ.

ಕೊಡುವ ಬಗೆ

ಎರಡು ಪ್ರತಿ ಒಯ್ಯಿರಿ. ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಇನ್‌ವರ್ಡ್ ಸೀಲ್, ದಿನಾಂಕ ಮತ್ತು ಸಹಿ ಹಾಕಿಸಿಕೊಳ್ಳಿ. ಪ್ರಿನ್ಸಿಪಾಲರು ರಜೆಯಲ್ಲಿದ್ದರೂ ಆಫೀಸ್ ಸೂಪರಿಂಟೆಂಡೆಂಟ್ ಅರ್ಜಿ ತೆಗೆದುಕೊಳ್ಳಬಹುದು, ಅದಕ್ಕೆ ಅನುಮತಿ ಬೇಕಿಲ್ಲ. "ಇಟ್ಟು ಹೋಗಿ, ಸೀಲ್ ಆಮೇಲೆ" ಎಂದರೆ ಒಪ್ಪಬೇಡಿ.

ಕೌಂಟರಿಗೆ ಹೋಗುವ ಮೊದಲೇ ಅದೇ ಪತ್ರವನ್ನು ಸಹಿ ಮಾಡಿ ಸ್ಕ್ಯಾನ್ ಮಾಡಿ ಕಾಲೇಜಿನ ಅಧಿಕೃತ ಇಮೇಲಿಗೆ ಕಳುಹಿಸಿರಬೇಕು. ರಜೆ, ಮಳೆಗೆ ಜಿಲ್ಲಾಧಿಕಾರಿ ಕೊಟ್ಟ ರಜೆ, ಕಾಲೇಜಿನ ವಾರ್ಷಿಕೋತ್ಸವ, ಯಾವುದಿದ್ದರೂ ಇಮೇಲಿನ ದಿನಾಂಕ ನಿಮ್ಮದಾಗಿ ಉಳಿಯುತ್ತದೆ. ಸೀಲ್ ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ಪುರಾವೆ ಬೇಕೆಂದು ಕೌಂಟರಿನಲ್ಲಿ ಕೇಳಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ವಿಲೀನವಾಗಿದೆ.

ಫೋನ್, ವಾಟ್ಸ್‌ಆ್ಯಪ್, ಕ್ಲಾಸ್ ಟೀಚರಿಗೆ ಹೇಳಿದ್ದು, ಕ್ಲಾಸಿಗೆ ಹೋಗುವುದು ನಿಲ್ಲಿಸಿದ್ದು, ಇವು ಯಾವುದೂ ಲಿಖಿತ ಅರ್ಜಿ ಅಲ್ಲ. "ಆಗಸ್ಟಿನಿಂದಲೇ ಬರುತ್ತಿರಲಿಲ್ಲ" ಎನ್ನುವುದು ನಿಮಗೆ ಸಹಾಯ ಮಾಡುವುದಿಲ್ಲ.

ಟಿಸಿ ಮತ್ತು ಯುಯುಸಿಎಂಎಸ್

ಯುಜಿಸಿ ಅಧಿಸೂಚನೆಯ ಪ್ರಕಾರ ಕಾಲೇಜು ಮೂಲ ದಾಖಲೆಗಳನ್ನು ನೋಡಿ ಪರಿಶೀಲಿಸಿ ಅಲ್ಲೇ ಹಿಂತಿರುಗಿಸಬೇಕು, ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದರೂ ಪಿಯು ಕಾಲೇಜಿನ ಟಿಸಿ ಫೈಲಿಗೆ ಹೋಗಿಬಿಡುವುದೇ ಇಲ್ಲಿನ ರೂಢಿ. ಹೊಸ ಕಾಲೇಜು ಟಿಸಿ ಕೇಳುತ್ತದೆ, ಹಳೆಯದು "ನೋ ಡ್ಯೂ ಮಾಡಿಸಿ, ಈ ಫಾರ್ಮಿಗೆ ಸಹಿ ಹಾಕಿ" ಎನ್ನುತ್ತದೆ. ಫಾರ್ಮಿನ ಕೆಳಗೆ "ನನಗೆ ಬರಬೇಕಾದ ಎಲ್ಲ ಬಾಕಿ ತೀರಿದೆ, ಮುಂದೆ ಯಾವ ತಕರಾರೂ ಇಲ್ಲ" ಎಂಬ ಸಾಲು ಇದ್ದರೆ ಹುಷಾರು. ಟಿಸಿ ತುರ್ತಾಗಿ ಬೇಕು, ಬೇರೆ ದಾರಿ ಇಲ್ಲ ಎಂದಾದರೆ ಆ ಸಾಲನ್ನು ಹೊಡೆದುಹಾಕಿ. ಬಿಡದಿದ್ದರೆ ಸಹಿಯ ಮೇಲೆ "ಶುಲ್ಕ ವಾಪಸಾತಿಯ ಹಕ್ಕನ್ನು ಕಾಯ್ದಿರಿಸಿ, ಆಕ್ಷೇಪಣೆಗೆ ಒಳಪಟ್ಟು ಸಹಿ ಮಾಡಿದ್ದೇನೆ" ಎಂದು ಬರೆದು ಫೋಟೊ ತೆಗೆದುಕೊಳ್ಳಿ.

ಸರಕಾರಿ ವಿಶ್ವವಿದ್ಯಾಲಯದ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವವರಿಗೆ ಯುಯುಸಿಎಂಎಸ್, ಅಂದರೆ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಪ್ರವೇಶ ದಾಖಲಿಸುವ ತಂತ್ರಾಂಶ, ಇನ್ನೂ ಮುಖ್ಯ. ಅದರಲ್ಲಿ ಹಳೆಯ ಕಾಲೇಜಿನ ಪ್ರವೇಶ ರದ್ದಾಗದಿದ್ದರೆ ಹೊಸ ಕಾಲೇಜಿಗೆ ನಿಮ್ಮ ಹೆಸರು ಸೇರಿಸಲು ತೊಡಕಾಗುತ್ತದೆ. ಟಿಸಿ ಕೈಗೆ ಬಂದರೂ ಇದು ತಾನಾಗಿ ಆಗುವುದಿಲ್ಲ, ಕಾಲೇಜಿನ ಲಾಗಿನ್‌ನಿಂದ ಯಾರಾದರೂ ಮಾಡಬೇಕು. ನಿಮ್ಮ ಸ್ಟೂಡೆಂಟ್ ಲಾಗಿನ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

ಬರುವ ಉತ್ತರಗಳು

"ನೀವೇ ಸಹಿ ಹಾಕಿದ್ದೀರಲ್ಲ, ಫೀಸ್ ವಾಪಸ್ ಇಲ್ಲ ಅಂತ" ಎನ್ನುವುದು ಮೊದಲನೆಯದು. ಅಡ್ಮಿಷನ್ ಫಾರ್ಮಿನಲ್ಲಿ ಎಲ್ಲರೂ ಸಹಿ ಹಾಕುವ ಸಾಲು ಅದು. ಕಾಲೇಜು ತನ್ನ ಫಾರ್ಮಿನಲ್ಲಿ ಒಂದು ಸಾಲು ಅಚ್ಚು ಮಾಡಿದ ಮಾತ್ರಕ್ಕೆ ಯುಜಿಸಿ ಅಧಿಸೂಚನೆಯಿಂದ ಬಿಡುಗಡೆ ಸಿಗುವುದಿಲ್ಲ.

"ಸೀಟು ಖಾಲಿ ಉಳಿಯಿತು, ನಮಗೆ ನಷ್ಟ" ಎನ್ನುವುದು ಎರಡನೆಯದು. ಎಐಸಿಟಿಇ ನಿಯಮದಲ್ಲಿ ಸೀಟು ತುಂಬಿತೇ ಇಲ್ಲವೇ ಎಂಬುದಕ್ಕೆ ಬೆಲೆಯಿದೆ. ಯುಜಿಸಿ ಪಟ್ಟಿಯಲ್ಲಿ ಅದರ ಮಾತೇ ಇಲ್ಲ, ದಿನಾಂಕ ಮಾತ್ರ. ಬಿಎಸ್ಸಿ, ಬಿಕಾಂ ವಿದ್ಯಾರ್ಥಿಗೆ ಈ ಉತ್ತರ ಅನ್ವಯಿಸುವುದಿಲ್ಲ.

"ಯೂನಿವರ್ಸಿಟಿಗೆ ಕಟ್ಟಿಯಾಗಿದೆ" ಎನ್ನುವುದು ಮೂರನೆಯದು. ಇದರಲ್ಲಿ ಸ್ವಲ್ಪ ನಿಜ ಇರಬಹುದು. ನೋಂದಣಿ ಶುಲ್ಕದಂಥ ಸಣ್ಣ ಮೊತ್ತ ವಿಶ್ವವಿದ್ಯಾಲಯಕ್ಕೆ ಹೋಗಿರುತ್ತದೆ. ಪಟ್ಟಿಯ ಶೇಕಡಾವಾರು ಒಟ್ಟು ಶುಲ್ಕಕ್ಕೆ ಎಂದು ಬರೆದೇ ಇದೆ. ಆದರೂ ಉಳಿದದ್ದೆಲ್ಲ ಕೊಡುತ್ತೇವೆ, ಈ ಕೆಲವು ನೂರು ರೂಪಾಯಿ ಬಿಡಿ ಎಂದರೆ ಒಪ್ಪಿ ಮುಗಿಸುವುದೇ ಜಾಣತನ.

"ನಾಲ್ಕು ವರ್ಷದ ಫೀಸ್ ಕಟ್ಟಿ, ಆಮೇಲೆ ಟಿಸಿ" ಎನ್ನುವವರೂ ಇದ್ದಾರೆ. ಮುಂದಿನ ವರ್ಷಗಳ ಫೀಸ್ ಕೇಳಲು ಯುಜಿಸಿಯಾಗಲಿ ಎಐಸಿಟಿಇಯಾಗಲಿ ಬಿಡುವುದಿಲ್ಲ. ಹೀಗೆ ಹೇಳಿದರೆ ಬರೆದು ಕೊಡಲು ಹೇಳಿ.

15 ದಿನ ಕಳೆದರೂ ಹಣ ಬಾರದಿದ್ದರೆ

16ನೇ ದಿನ ಒಂದು ಸಣ್ಣ ಜ್ಞಾಪನಾ ಪತ್ರ ಇಮೇಲ್ ಮಾಡಿ, ಅದರ ಬೆನ್ನಿಗೇ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಿ. ಯುಜಿಸಿಯ 2023ರ ನಿಯಮಾವಳಿಯ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು. ಪ್ರವೇಶ ಹಿಂಪಡೆದವರಿಗೆ ಶುಲ್ಕ ಕೊಡದಿರುವುದು ಅದರ ವ್ಯಾಪ್ತಿಯ ದೂರುಗಳಲ್ಲಿ ಸೇರಿದೆ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಕಾಲೇಜಿನವರೇ ಇರುವ ಸಮಿತಿ ಏನು ಮಾಡೀತು ಎಂದು ಈ ಹಂತವನ್ನು ಹಾರಿಸುವವರಿದ್ದಾರೆ. ಹಾರಿಸಿದರೆ ಮುಂದಿನ ಬಾಗಿಲು ಸರಿಯಾಗಿ ತೆರೆಯುವುದಿಲ್ಲ.

ಮುಂದಿನ ಬಾಗಿಲು ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್. ಸಂಯೋಜಿತ ಕಾಲೇಜುಗಳ ಮೇಲ್ಮನವಿಯೂ ಅಲ್ಲಿಗೇ. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಈ ಹುದ್ದೆಯಲ್ಲಿರುತ್ತಾರೆ. ಸಮಿತಿಯ ತೀರ್ಮಾನ ಕೈಗೆ ಬಂದ 15 ದಿನದೊಳಗೆ ಮೇಲ್ಮನವಿ ಹಾಕಬೇಕು, 30 ದಿನದಲ್ಲಿ ಇತ್ಯರ್ಥವಾಗಬೇಕೆಂಬುದು ನಿಯಮ. ಇದಕ್ಕೆ ವಕೀಲರು ಬೇಕಿಲ್ಲ, ನಿಮ್ಮ ಫೈಲ್ ಮಾತ್ರ ದಿನಾಂಕದ ಅನುಕ್ರಮದಲ್ಲಿ ಇರಬೇಕು.

ಇದರ ಜೊತೆಗೇ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲೂ (samadhaan.ugc.ac.in) ದೂರು ದಾಖಲಿಸಿ. ಅಲ್ಲಿ ವಿವರ ಬರೆಯುವ ಜಾಗದಲ್ಲಿ ಉದ್ದ ಕಥೆ ಬೇಡ. ಕಟ್ಟಿದ ಮೊತ್ತ, ಕೊನೆಯ ದಿನ, ಅರ್ಜಿ ತಲುಪಿದ ದಿನ, ಬರಬೇಕಾದ ಮೊತ್ತ, ಬಂದದ್ದು, ಇಷ್ಟು ಸಾಕು. ಸೀಲ್ ಇರುವ ಪ್ರತಿ ಮತ್ತು ರಶೀದಿ ಸೇರಿಸಿ ಒಂದೇ ಪಿಡಿಎಫ್ ಮಾಡಿ ಹಾಕಿ. ಯುಜಿಸಿ ಅದನ್ನು ಸಂಸ್ಥೆಗೆ ಕಳುಹಿಸಿ ವಿವರಣೆ ಕೇಳುತ್ತದೆ. ದೆಹಲಿಯಿಂದ ಪತ್ರ ಬಂದಾಗ ಆಡಳಿತ ಮಂಡಳಿಯ ತನಕ ವಿಷಯ ಹೋಗುತ್ತದೆ, ಹಲವು ಪ್ರಕರಣ ಅಲ್ಲಿಗೇ ಮುಗಿಯುತ್ತವೆ. ಆದರೆ ಕಾಲೇಜು "ಇತ್ಯರ್ಥವಾಗಿದೆ" ಎಂದು ಉತ್ತರಿಸಿ ದೂರು ಮುಚ್ಚಿಸುವುದೂ ಉಂಟು. ಹಣ ಬಾರದೆ ದೂರು ಮುಚ್ಚಿದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿ ಮತ್ತೆ ದೂರು ಕೊಡಿ.

ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೇ?

"ಗ್ರಾಹಕ ಕೋರ್ಟಿಗೆ ಹಾಕಿಬಿಡಿ" ಎಂದು ಸಲಹೆ ಕೊಡುವವರು ಬೇಕಾದಷ್ಟು ಮಂದಿ. ಕೋಚಿಂಗ್ ಸೆಂಟರಿನ ವಿಷಯದಲ್ಲಿ ಅದು ಸರಿಯಾದ ದಾರಿಯೇ. ಕಾಲೇಜಿನ ವಿಷಯದಲ್ಲಿ ಅಷ್ಟು ನೇರವಿಲ್ಲ. ಶಿಕ್ಷಣ ಸಂಸ್ಥೆಗಳು ಕೊಡುವುದು ಗ್ರಾಹಕ ಕಾಯ್ದೆಯ ಅರ್ಥದ ಸೇವೆಯಲ್ಲ ಎಂದು ಸುಪ್ರೀಂ ಕೋರ್ಟಿನ 2010 ಮತ್ತು 2012ರ ತೀರ್ಪುಗಳಿವೆ. ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿದು, ಕೋಚಿಂಗ್ ಸಂಸ್ಥೆಗಳನ್ನು ಮಾತ್ರ ಬೇರೆಯಾಗಿಟ್ಟಿತು. ಕಾಲೇಜಿನ ವಕೀಲರು ಮೊದಲ ದಿನವೇ ಈ ತೀರ್ಪುಗಳನ್ನು ಮುಂದಿಡುತ್ತಾರೆ. ಮೊಕದ್ದಮೆಯ ಬದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ನೋಡಬಹುದು. ಅವರು ಸಂಸ್ಥೆಗೆ ತಿಳಿಸಿ ರಾಜಿಗೆ ಪ್ರಯತ್ನಿಸುತ್ತಾರೆ, ಖರ್ಚಿಲ್ಲ.

ಮೊತ್ತ ದೊಡ್ಡದಿದ್ದು ಓಂಬುಡ್ಸ್‌ಪರ್ಸನ್ ಹಂತದಲ್ಲೂ ಆಗದಿದ್ದರೆ ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಹಾಕಬಹುದು. ಎರಡೂ ಕಡೆಯವರನ್ನು ಕರೆಸಿ ಕೂರಿಸುತ್ತಾರೆ. ವಿದ್ಯಾರ್ಥಿನಿಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಅಷ್ಟೇ. ಸಹಾಯವಾಣಿ 15100.

ಹಣ ಬಂದ ದಿನ

ಕಾಲೇಜು ಚೆಕ್ ಕೊಡಲು ಕರೆದರೆ ಮೊತ್ತ ಮೊದಲು ನೋಡಿ, ಸಹಿ ಆಮೇಲೆ. 58,600ರ ಬದಲು 38,500ಕ್ಕೆ ಚೆಕ್ ಬರೆದು ವೋಚರಿನಲ್ಲಿ "ಪೂರ್ಣ ಮತ್ತು ಅಂತಿಮ" ಎಂದು ಹಾಕಿರುವುದು ಅಪರೂಪವಲ್ಲ. ಚೆಕ್ ಬೇಡ ಎನ್ನಬೇಕಿಲ್ಲ. ವೋಚರಿನ ಮೇಲೆ "ಭಾಗಶಃ ಪಾವತಿಯಾಗಿ ಸ್ವೀಕರಿಸಿದ್ದೇನೆ, ಬಾಕಿ ರೂ. 20,100" ಎಂದು ಬರೆದು ಸಹಿ ಹಾಕಿ, ಅದೇ ದಿನ ಅದೇ ವಾಕ್ಯವನ್ನು ಇಮೇಲಿನಲ್ಲೂ ಕಳುಹಿಸಿ. ಚೆಕ್ ವಿದ್ಯಾರ್ಥಿಯ ಹೆಸರಿಗಿದೆಯೇ, ಆ ಹೆಸರು ಪಾಸ್‌ಬುಕ್ಕಿನ ಹೆಸರಿಗೆ ಸರಿಹೊಂದುತ್ತದೆಯೇ ಎಂದೂ ಅಲ್ಲೇ ನಿಂತು ನೋಡಿಕೊಳ್ಳಿ. ಇನಿಷಿಯಲ್ ವ್ಯತ್ಯಾಸವಿದ್ದರೆ ಬ್ಯಾಂಕಿನಲ್ಲಿ ಚೆಕ್ ನಿಲ್ಲಬಹುದು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಆ ಕಾಲೇಜಿನ ಹೆಸರಿನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದರೆ ಅದನ್ನೂ ಹೊಸ ಕಾಲೇಜಿನ ವಿವರಕ್ಕೆ ಬದಲಾಯಿಸಿಕೊಳ್ಳಬೇಕು.